ಷೇರಿನ ಬೆಲೆಗೆ ಎಷ್ಟು ಗೊತ್ತು?

2009ರ ಜನವರಿ 6, ಮಂಗಳವಾರ. ಮುಂಬೈ ಷೇರುಪೇಟೆಯಲ್ಲಿ ಸತ್ಯಂ ಕಂಪ್ಯೂಟರ್ ಸರ್ವಿಸಸ್ ಕಂಪನಿಯ ಒಂದು ಷೇರಿನ ಬೆಲೆ ದಿನದ ಕೊನೆಗೆ ಸುಮಾರು 179 ರೂಪಾಯಿ ಇತ್ತು. ಮಾರನೆಯ ದಿನ ಪೇಟೆ ಮುಚ್ಚುವ ಹೊತ್ತಿಗೆ ಅದೇ ಷೇರು 40 ರೂಪಾಯಿಯ ಆಸುಪಾಸಿಗೆ ಬಂದು ಬಿದ್ದಿತ್ತು. ಆ ಒಂದು ದಿನದಲ್ಲಿ ಹೈದರಾಬಾದಿನ ಕಚೇರಿಗೆ ಬೆಂಕಿ ಬಿದ್ದಿರಲಿಲ್ಲ, ಎಂಜಿನಿಯರುಗಳು ಕೆಲಸ ಬಿಟ್ಟು ಹೋಗಿರಲಿಲ್ಲ, ವಿದೇಶಿ ಗ್ರಾಹಕರು ಕೈಕೊಟ್ಟಿರಲಿಲ್ಲ. ಆದದ್ದು ಇಷ್ಟೇ: ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ತಮ್ಮ ನಿರ್ದೇಶಕ ಮಂಡಳಿಗೆ ಒಂದು ಪತ್ರ ಬರೆದರು. ಲೆಕ್ಕಪತ್ರದಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇರಲೇ ಇಲ್ಲ ಎಂದು ಅದರಲ್ಲಿ ಒಪ್ಪಿಕೊಂಡಿದ್ದರು.

ಹಾಗಾದರೆ ಮಂಗಳವಾರದ 179 ರೂಪಾಯಿ ಏನು? ಅದು ಯಾವುದರ ಬೆಲೆ? ಷೇರಿಗೆ ದುಡ್ಡು ಹಾಕುವ ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಪರದೆಯ ಮೇಲೆ ಹಸಿರು ಕೆಂಪು ಬಣ್ಣದಲ್ಲಿ ಓಡುವ ಆ ಅಂಕಿಗೆ ಕಂಪನಿಯ ಬಗ್ಗೆ ಎಷ್ಟು ಗೊತ್ತಿರುತ್ತದೆ?

ಅರ್ಥಶಾಸ್ತ್ರದಲ್ಲಿ ಈ ಪ್ರಶ್ನೆಗೆ ಒಂದು ದಿಟ್ಟ ಉತ್ತರವಿದೆ. ಅದನ್ನು ದಕ್ಷ ಮಾರುಕಟ್ಟೆ ಸಿದ್ಧಾಂತ ಎನ್ನುತ್ತಾರೆ. ಶಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಫಾಮಾ 1970ರಲ್ಲಿ ಬರೆದ ಒಂದು ಲೇಖನದಲ್ಲಿ ಅದಕ್ಕೆ ಇಂದಿನ ರೂಪ ಸಿಕ್ಕಿತು. ತಿರುಳು ಇಷ್ಟು: ಗೊತ್ತಿರುವ ಮಾಹಿತಿಯೆಲ್ಲ ಬೆಲೆಯೊಳಗೆ ಆಗಲೇ ಸೇರಿಹೋಗಿರುತ್ತದೆ, ಆದ್ದರಿಂದ ಆ ಮಾಹಿತಿಯನ್ನೇ ಹಿಡಿದುಕೊಂಡು ಪೇಟೆಯನ್ನು ಮೀರಿಸಿ ಲಾಭ ಮಾಡಲಾಗದು. ‘ಗೊತ್ತಿರುವ ಮಾಹಿತಿ’ ಎಂದರೆ ಯಾವುದು ಎಂಬುದಕ್ಕೆ ಫಾಮಾ ಮೂರು ಮಟ್ಟ ಹೇಳಿದರು. ಹಿಂದಿನ ಬೆಲೆಗಳಷ್ಟೇ ಸೇರಿವೆ ಎಂದರೆ ಸಿದ್ಧಾಂತದ ದುರ್ಬಲ ರೂಪ. ಪತ್ರಿಕೆ, ವರದಿ, ಲೆಕ್ಕಪತ್ರ ಹೀಗೆ ಬಹಿರಂಗವಾದದ್ದೆಲ್ಲ ಸೇರಿದೆ ಎಂದರೆ ಅರೆ ಪ್ರಬಲ ರೂಪ. ಒಳಗಿನವರ ಗುಟ್ಟು ಕೂಡ ಸೇರಿದೆ ಎಂದರೆ ಪ್ರಬಲ ರೂಪ. ಈ ಹೆಸರುಗಳು ಮೊದಲ ಸಲ ಕೇಳಿದವರನ್ನು ಗಲಿಬಿಲಿಗೊಳಿಸುತ್ತವೆ. ಇಲ್ಲಿ ದುರ್ಬಲ, ಪ್ರಬಲ ಎನ್ನುವುದು ಪೇಟೆಯ ಬಲವನ್ನಲ್ಲ. ಸಿದ್ಧಾಂತ ಎಷ್ಟು ದೊಡ್ಡ ಮಾತನ್ನು ಹೇಳುತ್ತಿದೆ ಎಂಬುದನ್ನು.

ಈ ಸಿದ್ಧಾಂತವನ್ನು ಪಂಡಿತರ ಹುಚ್ಚು ಎಂದು ತಳ್ಳಿಹಾಕುವವರು ಬಹಳ. ನಾನು ಹಾಗೆ ಮಾಡಲಾರೆ. ಇದರ ಹಿಂದಿನ ತರ್ಕ ಮಂಡಿ ವ್ಯಾಪಾರಿಗಳಿಗೆ ಯಾವತ್ತಿನಿಂದಲೂ ಗೊತ್ತಿರುವಂಥದ್ದು. ಮುಂದಿನ ವಾರ ಈರುಳ್ಳಿ ಧಾರಣೆ ಕ್ವಿಂಟಲಿಗೆ ಐನೂರು ರೂಪಾಯಿ ಏರುವುದು ಖಂಡಿತ ಎಂದು ಯಶವಂತಪುರದ ಮಂಡಿಯಲ್ಲಿ ಎಲ್ಲರಿಗೂ ಗೊತ್ತಾಯಿತು ಎಂದುಕೊಳ್ಳಿ. ಆಗ ಇವತ್ತು ಹಳೆಯ ಧಾರಣೆಗೆ ಮಾರುವವರು ಯಾರು? ಮಾರುವವರು ಚೀಲ ತಡೆಹಿಡಿಯುತ್ತಾರೆ, ಕೊಳ್ಳುವವರು ಮುಗಿಬೀಳುತ್ತಾರೆ, ಧಾರಣೆ ಇವತ್ತೇ ಏರುತ್ತದೆ. ಮುಂದಿನ ವಾರಕ್ಕೆಂದು ಉಳಿಯುವುದು ಯಾರೂ ಎಣಿಸದ ಸುದ್ದಿ ಮಾತ್ರ. ಎಣಿಸದ ಸುದ್ದಿ ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು. ಆದ್ದರಿಂದಲೇ ನಾಳಿನ ಬೆಲೆ ಯಾವ ಕಡೆ ಹೋಗುತ್ತದೆ ಎಂದು ಇವತ್ತಿನ ಬೆಲೆ ನೋಡಿ ಹೇಳಲಾಗುವುದಿಲ್ಲ. ಈರುಳ್ಳಿ ಕೊಳೆಯುತ್ತದೆ, ಗೋದಾಮಿಗೆ ಬಾಡಿಗೆ ಬೀಳುತ್ತದೆ, ಹಾಗಾಗಿ ಮಂಡಿಯಲ್ಲಿ ಈ ತರ್ಕ ಪೂರ್ತಿ ನಡೆಯದು. ಕೊಳೆಯದ, ಬಾಡಿಗೆ ಕೇಳದ ಷೇರಿನಲ್ಲಿ ಅದು ಇನ್ನೂ ಚೆನ್ನಾಗಿ ನಡೆಯಬೇಕು.

ಮೊದಲ ಮೆಟ್ಟಿಲು ಇದೇ: ಹಳೆಯ ಬೆಲೆಗಳ ಗೆರೆ ನೋಡಿ ಮುಂದಿನದನ್ನು ಹೇಳಬಹುದೇ? ಲಂಡನ್ನಿನ ಸಂಖ್ಯಾಶಾಸ್ತ್ರಜ್ಞ ಮಾರಿಸ್ ಕೆಂಡಲ್ 1953ರಲ್ಲಿ ಬ್ರಿಟಿಷ್ ಷೇರು ಸೂಚ್ಯಂಕಗಳನ್ನೂ ಶಿಕಾಗೋದ ಗೋಧಿ ಧಾರಣೆಯನ್ನೂ ವಾರವಾರಕ್ಕೆ ಬಿಡಿಸಿ ನೋಡಿದರು. ಒಂದು ವಾರದ ಏರಿಳಿತಕ್ಕೂ ಮುಂದಿನ ವಾರದ ಏರಿಳಿತಕ್ಕೂ ಹೇಳಿಕೊಳ್ಳುವಂಥ ನಂಟು ಕಾಣಲಿಲ್ಲ. ಫಾಮಾ 1965ರಲ್ಲಿ ಅಮೆರಿಕದ ಮೂವತ್ತು ದೊಡ್ಡ ಕಂಪನಿಗಳ ದಿನದಿನದ ಬೆಲೆ ತೆಗೆದುಕೊಂಡು ಇದೇ ಕೆಲಸ ಮಾಡಿದರು. ಅಲ್ಲಿ ನಂಟು ಕಂಡದ್ದು ಕೂಡಾ ದಲ್ಲಾಳಿಯ ಕಮಿಷನ್ನಿಗೆ ಸಾಲದಷ್ಟು ಸಣ್ಣದು.

ಇದನ್ನು ನೀವೇ ಮನೆಯಲ್ಲಿ ಮಾಡಿ ನೋಡಬಹುದು. ಚೌಕುಳಿ ಹಾಳೆಯೊಂದನ್ನು ತೆಗೆದುಕೊಳ್ಳಿ. ಒಂದು ರೂಪಾಯಿ ನಾಣ್ಯವನ್ನು ನೂರು ಸಲ ಚಿಮ್ಮಿ. ಸಿಂಹದ ಮುಖ ಬಿದ್ದರೆ ಒಂದು ಮನೆ ಮೇಲೆ, ಅಂಕಿ ಬಿದ್ದರೆ ಒಂದು ಮನೆ ಕೆಳಗೆ ಎಂದು ಗೆರೆ ಎಳೆಯುತ್ತ ಹೋಗಿ. ನಾನು ಮಾಡಿದಾಗ ನಡುವೆ ಒಂದು ಗುಡ್ಡ ಎದ್ದಿತು, ಅದರ ಎರಡೂ ಪಕ್ಕದಲ್ಲಿ ಒಂದೊಂದು ಸಣ್ಣ ದಿಬ್ಬ. ಚಾರ್ಟ್ ಓದುವ ತರಗತಿಗಳಲ್ಲಿ ‘ತಲೆ ಮತ್ತು ಭುಜ’ ಎಂದು ಹೇಳಿಕೊಡುವ ಆಕಾರ ಅದೇ; ಕಂಡರೆ ಮಾರಿಬಿಡಿ ಎನ್ನುತ್ತಾರೆ. ನಾಣ್ಯಕ್ಕೆ ತಲೆಯೂ ಇಲ್ಲ, ಭುಜವೂ ಇಲ್ಲ. ಗೆರೆಯಲ್ಲಿ ಆಕಾರ ಕಾಣುವುದು ನಮ್ಮ ಕಣ್ಣಿನ ಸ್ವಭಾವ.

ಹೀಗೆ ದುರ್ಬಲ ರೂಪ ಗಟ್ಟಿಯಾಗಿ ನಿಂತಂತೆ ಕಾಣುತ್ತಿದ್ದಾಗ 1993ರಲ್ಲಿ ಅದಕ್ಕೆ ದೊಡ್ಡ ಪೆಟ್ಟು ಬಿತ್ತು. ಭಾರತೀಯ ಮೂಲದ ನರಸಿಂಹನ್ ಜಗದೀಶ್ ಮತ್ತು ಅಮೆರಿಕದ ಶೆರಿಡನ್ ಟಿಟ್ಮನ್ ಒಂದು ಸರಳವಾದ ಪ್ರಯೋಗ ಮಾಡಿದರು. ಇಂದು ನಾಳೆಯ ನಂಟನ್ನು ಬಿಟ್ಟು ತಿಂಗಳುಗಳ ಲೆಕ್ಕ ಹಿಡಿದರು. ಪೇಟೆಯಲ್ಲಿರುವ ಷೇರುಗಳನ್ನೆಲ್ಲ ಕಳೆದ ಆರು ತಿಂಗಳ ಗಳಿಕೆಯ ಪ್ರಕಾರ ಸಾಲಾಗಿ ನಿಲ್ಲಿಸಿ. ಮುಂದಿನ ಹತ್ತನೇ ಒಂದು ಭಾಗವನ್ನು ಕೊಳ್ಳಿ. ಹಿಂದಿನ ಹತ್ತನೇ ಒಂದು ಭಾಗವನ್ನು ಕಡ ತಂದು ಮಾರಿ. ಆರು ತಿಂಗಳು ಸುಮ್ಮನಿರಿ. 1965ರಿಂದ 1989ರವರೆಗಿನ ಅಮೆರಿಕದ ಪೇಟೆಯಲ್ಲಿ ಇಷ್ಟು ಮಾಡಿದ್ದರೆ ವರ್ಷಕ್ಕೆ ಸರಾಸರಿ ಸುಮಾರು ಶೇ 12ರಷ್ಟು ಹೆಚ್ಚುವರಿ ಗಳಿಕೆ ಸಿಗುತ್ತಿತ್ತು. ಬಳಸಿದ ಮಾಹಿತಿ ಹಳೆಯ ಬೆಲೆ ಮಾತ್ರ. ಲೆಕ್ಕಪತ್ರ ಓದುವುದಿಲ್ಲ, ಕಂಪನಿ ಏನು ಮಾಡುತ್ತದೆಂದೂ ನೋಡುವುದಿಲ್ಲ. ದುರ್ಬಲ ರೂಪ ಯಾವುದು ಸಾಧ್ಯವಿಲ್ಲ ಎನ್ನುತ್ತದೋ ಅದೇ ಇದು.

ಇದನ್ನು ಮೊಮೆಂಟಮ್ ಎನ್ನುತ್ತಾರೆ; ಓಡುತ್ತಿರುವುದು ಇನ್ನಷ್ಟು ದೂರ ಓಡುತ್ತದೆ ಎಂಬ ಅರ್ಥದಲ್ಲಿ. ಮುಂದೆ ಬೇರೆ ಬೇರೆ ದೇಶಗಳ ಪೇಟೆಗಳಲ್ಲೂ ಇದು ಕಂಡಿತು. ಗೆದ್ದ ಷೇರಿನ ಒಳ್ಳೆಯ ಸುದ್ದಿಯನ್ನು ಜನ ಒಮ್ಮೆಲೇ ಪೂರ್ತಿ ನಂಬುವುದಿಲ್ಲ, ತಡವಾಗಿ ನಂಬಿದವರು ತಡವಾಗಿ ಕೊಳ್ಳುತ್ತಾರೆ ಎಂಬುದು ಒಂದು ವಿವರಣೆ. ಫಾಮಾ ಇದನ್ನು ಮುಚ್ಚಿಡಲಿಲ್ಲ. 1996ರಲ್ಲಿ ಕೆನೆತ್ ಫ್ರೆಂಚ್ ಜೊತೆ ಬರೆದ ಲೇಖನದಲ್ಲಿ, ತಮ್ಮದೇ ಮಾದರಿಗೆ ಮೊಮೆಂಟಮನ್ನು ವಿವರಿಸಲು ಆಗುವುದಿಲ್ಲ ಎಂದು ಒಪ್ಪಿಕೊಂಡರು.

ಹಾಗೆಂದು ಇದು ಬಿಟ್ಟಿ ದುಡ್ಡೇನೂ ಅಲ್ಲ. 2009ರ ಮಾರ್ಚಿನಿಂದ ಮೇ ವರೆಗಿನ ಮೂರು ತಿಂಗಳನ್ನು ನೋಡಿ. ಅಮೆರಿಕದ ಪೇಟೆ ನೆಲಕಚ್ಚಿ ಮೇಲೇಳುತ್ತಿದ್ದ ಹೊತ್ತು. ಅದಕ್ಕೆ ಮೊದಲು ಅತಿ ಹೆಚ್ಚು ಬಿದ್ದಿದ್ದ ಷೇರುಗಳ ಗುಂಪು ಶೇ 163ರಷ್ಟು ಏರಿತು. ಹಿಂದೆ ಗೆದ್ದಿದ್ದ ಗುಂಪು ಏರಿದ್ದು ಶೇ 8 ಮಾತ್ರ. ಗೆದ್ದವರನ್ನು ಕೊಂಡು ಸೋತವರನ್ನು ಕಡ ತಂದು ಮಾರಿದ್ದವರು ಹಲವು ವರ್ಷದ ಗಳಿಕೆಯನ್ನು ಮೂರು ತಿಂಗಳಲ್ಲಿ ಕಳೆದುಕೊಂಡರು. ನಮ್ಮಲ್ಲಂತೂ ಸಾಮಾನ್ಯ ಹೂಡಿಕೆದಾರರು ನಗದು ಪೇಟೆಯಲ್ಲಿ ಕೈಯಲ್ಲಿಲ್ಲದ ಷೇರು ಮಾರಿದರೆ ಅದೇ ದಿನ ಕೊಂಡು ತೀರಿಸಬೇಕು. ಆರು ತಿಂಗಳು ಕಾಯುವ ಮಾತೇ ಇಲ್ಲ. ಈ ಪ್ರಯೋಗದ ಅರ್ಧ ಭಾಗ ಹೆಚ್ಚಿನವರ ಕೈಗೆ ಎಟುಕುವುದೇ ಇಲ್ಲ.

ಈಗ ಎರಡನೆಯ ಮೆಟ್ಟಿಲು. ಬಹಿರಂಗವಾದ ಸುದ್ದಿ ಬೆಲೆಗೆ ಎಷ್ಟು ಬೇಗ ಸೇರುತ್ತದೆ? ಸಿದ್ಧಾಂತದ ಪರವಾದ ಸಾಕ್ಷಿ ಬೆಂಗಳೂರಿನಲ್ಲೇ ಇದೆ. 2013ರ ಏಪ್ರಿಲ್ 12ರಂದು ಇನ್ಫೊಸಿಸ್ ತನ್ನ ಫಲಿತಾಂಶ ಪ್ರಕಟಿಸಿ, ಮುಂದಿನ ವರ್ಷ ಡಾಲರ್ ಲೆಕ್ಕದ ಆದಾಯ ಶೇ 6ರಿಂದ 10ರಷ್ಟು ಮಾತ್ರ ಬೆಳೆಯಬಹುದು ಎಂದಿತು. ಪೇಟೆ ಎಣಿಸಿದ್ದು ಅದಕ್ಕಿಂತ ಹೆಚ್ಚು. ಒಂದೇ ದಿನದಲ್ಲಿ ಷೇರು ಶೇ 21ರಷ್ಟು ಕುಸಿಯಿತು. ಸಂಜೆ ಟಿವಿಯಲ್ಲಿ ಸುದ್ದಿ ನೋಡಿ ‘ಸೋಮವಾರ ಮಾರೋಣ’ ಎಂದುಕೊಂಡವರಿಗೆ ಮಾರಲು ಉಳಿದದ್ದು ಆಗಲೇ ಬಿದ್ದಿದ್ದ ಬೆಲೆ. ಅರೆ ಪ್ರಬಲ ರೂಪ ಹೇಳುವುದು ಇದನ್ನೇ: ನಿಮಗೆ ಸುದ್ದಿ ತಲುಪುವ ಹೊತ್ತಿಗೆ ಬೆಲೆ ಅದನ್ನು ನುಂಗಿ ಆಗಿರುತ್ತದೆ.

ಆದರೆ ಪೂರ್ತಿ ನುಂಗಿರುತ್ತದೆಯೇ? ರೇ ಬಾಲ್ ಮತ್ತು ಫಿಲಿಪ್ ಬ್ರೌನ್ 1968ರಲ್ಲೇ ಇಲ್ಲಿ ಒಂದು ಬಿರುಕು ಕಂಡಿದ್ದರು. ನಿರೀಕ್ಷೆ ಮೀರಿ ಲಾಭ ತೋರಿಸಿದ ಕಂಪನಿಗಳ ಷೇರು ಘೋಷಣೆಯ ದಿನ ಏರಿ ಅಲ್ಲಿಗೇ ನಿಲ್ಲುವುದಿಲ್ಲ, ನಂತರವೂ ನಿಧಾನವಾಗಿ ಏರುತ್ತಲೇ ಹೋಗುತ್ತದೆ. ನಿರಾಸೆ ಮಾಡಿದವು ಇಳಿಯುತ್ತಲೇ ಹೋಗುತ್ತವೆ. 1989ರಲ್ಲಿ ವಿಕ್ಟರ್ ಬರ್ನಾರ್ಡ್ ಮತ್ತು ಜೇಕಬ್ ಥಾಮಸ್ ಇದನ್ನು ಇನ್ನಷ್ಟು ನಿಖರವಾಗಿ ಅಳೆದರು. ಈ ಜಾರುವಿಕೆ ಘೋಷಣೆಯಾದ ಸುಮಾರು ಅರವತ್ತು ವಹಿವಾಟು ದಿನಗಳವರೆಗೆ ಸಾಗುತ್ತಿತ್ತು. ಎಲ್ಲರೂ ಓದಿದ ಸುದ್ದಿ ಬೆಲೆಗೆ ಪೂರ್ತಿ ಇಳಿಯಲು ಮೂರು ತಿಂಗಳು ಬೇಕಾಯಿತು.

ಇದಕ್ಕಿಂತ ನನ್ನನ್ನು ಹೆಚ್ಚು ತಟ್ಟಿದ್ದು ಎಂಟ್ರೆಮೆಡ್ ಎಂಬ ಸಣ್ಣ ಕಂಪನಿಯ ಕಥೆ. ಅಮೆರಿಕದ ಮೇರಿಲ್ಯಾಂಡ್‌ನಲ್ಲಿದ್ದ ಈ ಔಷಧ ಕಂಪನಿಯ ಬಳಿ ಬಾಸ್ಟನ್ನಿನ ವೈದ್ಯ ಜುಡಾ ಫೋಕ್‌ಮನ್ ಅವರ ಪ್ರಯೋಗಾಲಯದ ಸಂಶೋಧನೆಯ ಹಕ್ಕಿತ್ತು. ಗೆಡ್ಡೆಗೆ ರಕ್ತ ಹೋಗುವ ದಾರಿಯನ್ನೇ ಕಡಿದು ಕ್ಯಾನ್ಸರನ್ನು ಸೊರಗಿಸುವ ಉಪಾಯ ಅದು. ಇಲಿಗಳಲ್ಲಿ ಫಲ ಕೊಟ್ಟಿತ್ತು. 1997ರ ನವೆಂಬರಿನಲ್ಲಿ ಈ ಫಲಿತಾಂಶ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ‘ನ್ಯೂಯಾರ್ಕ್ ಟೈಮ್ಸ್’ ಕೂಡ ಒಳಪುಟದಲ್ಲಿ ಸುದ್ದಿ ಮಾಡಿತು. ಷೇರು 12 ಡಾಲರಿನ ಹತ್ತಿರದಿಂದ 15 ದಾಟಿ, ಮುಂದಿನ ತಿಂಗಳುಗಳಲ್ಲಿ ಮತ್ತೆ 12ಕ್ಕೆ ಬಂದು ಕೂತಿತು. ಇಲ್ಲಿಯವರೆಗೆ ಎಲ್ಲವೂ ಸಿದ್ಧಾಂತದ ಪ್ರಕಾರವೇ.

ಐದು ತಿಂಗಳ ಮೇಲೆ, 1998ರ ಮೇ 3ರ ಭಾನುವಾರ, ಅದೇ ‘ನ್ಯೂಯಾರ್ಕ್ ಟೈಮ್ಸ್’ ಅದೇ ವಿಷಯವನ್ನು ಮುಖಪುಟದಲ್ಲಿ ಹಾಕಿತು. ವೈಜ್ಞಾನಿಕವಾಗಿ ಹೊಸದೇನೂ ಅದರಲ್ಲಿರಲಿಲ್ಲ. ಅವೇ ಇಲಿಗಳು, ಅವೇ ಗೆಡ್ಡೆಗಳು. ಶುಕ್ರವಾರ ಸುಮಾರು 12 ಡಾಲರಿಗೆ ಮುಗಿದಿದ್ದ ಷೇರು ಸೋಮವಾರ ಬೆಳಿಗ್ಗೆ 85ಕ್ಕೆ ತೆರೆದುಕೊಂಡಿತು. ದಿನದ ಕೊನೆಗೆ 52ರ ಹತ್ತಿರ ನಿಂತಿತು. ಈ ಕಂಪನಿಗೆ ಸಂಬಂಧವೇ ಇಲ್ಲದ ಬೇರೆ ಜೈವಿಕ ತಂತ್ರಜ್ಞಾನ ಕಂಪನಿಗಳ ಷೇರುಗಳೂ ಅದರ ಹಿಂದೆ ಏರಿದವು. ನವೆಂಬರ್ 12ರಂದು, ಬೇರೆ ಪ್ರಯೋಗಾಲಯಗಳಿಗೆ ಫೋಕ್‌ಮನ್ ಅವರ ಫಲಿತಾಂಶವನ್ನು ಮತ್ತೆ ಪಡೆಯಲು ಆಗುತ್ತಿಲ್ಲ ಎಂಬ ವರದಿ ‘ವಾಲ್ ಸ್ಟ್ರೀಟ್ ಜರ್ನಲ್’ ಮುಖಪುಟದಲ್ಲಿ ಬಂತು. ಷೇರು ಆ ದಿನ ಶೇ 24ರಷ್ಟು ಕುಸಿಯಿತು. ಕುಸಿದ ಮೇಲೂ ಬೆಲೆ 25 ಡಾಲರಿನ ಹತ್ತಿರ, ಅಂದರೆ ಮೇ ತಿಂಗಳ ಆ ಶುಕ್ರವಾರದ ಎರಡು ಪಟ್ಟು.

ಇದನ್ನು ಬಿಡಿಸಿ ನೋಡಿದ ಗುರ್ ಹ್ಯೂಬರ್ಮನ್ ಮತ್ತು ತೋಮರ್ ರೆಗೆವ್ ಎಂಬ ಸಂಶೋಧಕರು, ಇದು ಸುದ್ದಿಯೇ ಅಲ್ಲದ ಸುದ್ದಿ ಎಂದರು. ಬೆಲೆಗೆ ಸೇರಬೇಕಾದ ಮಾಹಿತಿ ಐದು ತಿಂಗಳ ಹಿಂದೆಯೇ ಬಹಿರಂಗವಾಗಿತ್ತು. ಬದಲಾದದ್ದು ಮುದ್ರಣವಾದ ಪುಟ ಒಂದೇ. ಬಹಿರಂಗವಾಗಿರುವುದು ಬೇರೆ, ಜನರ ಮನಸ್ಸಿಗೆ ನಾಟುವುದು ಬೇರೆ. ಅರೆ ಪ್ರಬಲ ರೂಪ ಇವೆರಡನ್ನೂ ಒಂದೇ ಎಂದು ಎಣಿಸಿತ್ತು.

ಇಲ್ಲಿ ಓದುಗರಿಗೆ ಒಂದು ಸಂಶಯ ಬರಬೇಕು. ಬೆಲೆ ಇಷ್ಟು ತಪ್ಪಿದ್ದರೆ ಬುದ್ಧಿವಂತರು ಬಂದು ಅದನ್ನು ಸರಿಮಾಡುವುದಿಲ್ಲವೇ? ಕ್ಯಾನ್ಸರ್ ಔಷಧದ ಭವಿಷ್ಯ ಯಾರಿಗೂ ಖಚಿತವಲ್ಲ, ಹಾಗಾಗಿ ಬೆಲೆ ತಪ್ಪು ಎಂದು ಅಂದು ಎದೆತಟ್ಟಿ ಹೇಳುವುದೂ ಕಷ್ಟವಿತ್ತು. ಬರೀ ಕೂಡಿ ಕಳೆಯುವ ಲೆಕ್ಕದಲ್ಲೇ ಪೇಟೆ ತಪ್ಪಿದ ಒಂದು ಪ್ರಸಂಗವಿದೆ. ಅದನ್ನು ನೋಡಿದರೆ ಉತ್ತರ ಸಿಗುತ್ತದೆ.

2000ದ ಮಾರ್ಚ್ 2ರಂದು ಅಮೆರಿಕದ ತ್ರೀಕಾಮ್ ಕಂಪನಿ, ಅಂಗೈಯಲ್ಲಿ ಹಿಡಿಯುವ ಪುಟ್ಟ ಕಂಪ್ಯೂಟರ್ ತಯಾರಿಸುತ್ತಿದ್ದ ತನ್ನ ಅಂಗಸಂಸ್ಥೆ ‘ಪಾಮ್’ನ ಸುಮಾರು ಶೇ 5 ಷೇರುಗಳನ್ನು ಸಾರ್ವಜನಿಕರಿಗೆ ಮಾರಿತು. ಉಳಿದದ್ದನ್ನು ಆ ವರ್ಷದೊಳಗೆ ತನ್ನ ಷೇರುದಾರರಿಗೇ ಹಂಚುವುದಾಗಿ ಹೇಳಿತ್ತು: ಒಂದು ತ್ರೀಕಾಮ್ ಷೇರಿಗೆ ಸುಮಾರು ಒಂದೂವರೆ ಪಾಮ್ ಷೇರು. ಅಂದರೆ ಒಂದು ತ್ರೀಕಾಮ್ ಷೇರಿನ ಹೊಟ್ಟೆಯಲ್ಲಿ ಒಂದೂವರೆ ಪಾಮ್ ಷೇರಿದೆ. ಮೇಲೆ ತ್ರೀಕಾಮ್‌ನ ಸ್ವಂತ ವ್ಯವಹಾರ, ಕೈಯಲ್ಲಿರುವ ನಗದು.

ಮೊದಲ ದಿನ ಪಾಮ್ ಷೇರು ಸುಮಾರು 95 ಡಾಲರಿಗೆ ಮುಗಿಯಿತು. ಒಂದೂವರೆ ಷೇರಿಗೆ 142 ಡಾಲರ್ ಮೇಲಾಯಿತು. ಹಾಗಾದರೆ ತ್ರೀಕಾಮ್ ಷೇರು ಕಡಿಮೆಯೆಂದರೂ 142 ಇರಬೇಕು. ಅದು ಮುಗಿದದ್ದು ಸುಮಾರು 82ಕ್ಕೆ. ಎರಡೂ ಬೆಲೆಯನ್ನು ನಂಬಿದರೆ ತ್ರೀಕಾಮ್‌ನ ಉಳಿದ ವ್ಯವಹಾರದ ಬೆಲೆ ಷೇರಿಗೆ 60 ಡಾಲರ್ ಸಾಲ ಎಂದಾಗುತ್ತದೆ. ಲಾಭದಲ್ಲಿದ್ದ, ಷೇರಿಗೆ ಹತ್ತು ಡಾಲರಿನಷ್ಟು ನಗದನ್ನು ಕೈಯಲ್ಲಿಟ್ಟುಕೊಂಡಿದ್ದ ಕಂಪನಿಗೆ! ಒಟ್ಟು ಲೆಕ್ಕ ಹಾಕಿದರೆ 2,200 ಕೋಟಿ ಡಾಲರ್ ತಪ್ಪು. ಇದು ಗುಟ್ಟಾಗಿಯೂ ಇರಲಿಲ್ಲ, ಮಾರನೆಯ ದಿನದ ಪತ್ರಿಕೆಗಳಲ್ಲೇ ಬಂತು. ಆದರೂ ತಪ್ಪು ಸರಿಹೋಗಲು ತಿಂಗಳುಗಳೇ ಹಿಡಿದವು.

ಲಾಭದ ದಾರಿ ಎಲ್ಲರಿಗೂ ಕಾಣುತ್ತಿತ್ತು: ತ್ರೀಕಾಮ್ ಕೊಳ್ಳಿ, ಪಾಮ್ ಷೇರನ್ನು ಕಡ ತಂದು ಮಾರಿ, ಹಂಚಿಕೆಯಾಗುವವರೆಗೆ ಕಾಯಿರಿ. ಸಿಕ್ಕಿಹಾಕಿಕೊಂಡದ್ದು ‘ಕಡ ತಂದು’ ಎಂಬಲ್ಲಿ. ಪೇಟೆಯಲ್ಲಿದ್ದ ಪಾಮ್ ಷೇರುಗಳೇ ಶೇ 5. ಅದನ್ನು ಕೊಂಡವರಲ್ಲಿ ಹೆಚ್ಚಿನವರು ಕಡ ಕೊಡುವ ವ್ಯವಹಾರಕ್ಕೇ ಬಾರದ ಜನ. ಕಡ ಸಿಕ್ಕವರಿಗೂ ಬಡ್ಡಿ ದುಬಾರಿ. ಬೆಲೆ ಹೆಚ್ಚಾಯಿತು ಎಂದು ಗೊತ್ತಿದ್ದವರಿಗೆ ಅದನ್ನು ಇಳಿಸುವ ಹಗ್ಗ ಕೈಗೆ ಸಿಗಲಿಲ್ಲ. ಓವೆನ್ ಲಾಮಂಟ್ ಮತ್ತು ರಿಚರ್ಡ್ ಥೇಲರ್ ಈ ಪ್ರಸಂಗವನ್ನು 2003ರಲ್ಲಿ ವಿವರವಾಗಿ ಬರೆದರು. ನನಗೆ ಇದು ಇಡೀ ವಿವಾದದ ಕೀಲಿ ಎನಿಸುತ್ತದೆ. ಸಿದ್ಧಾಂತದಲ್ಲಿ ಎರಡು ಮಾತುಗಳು ಒಂದಕ್ಕೊಂದು ಅಂಟಿಕೊಂಡಿವೆ. ಒಂದು, ಬೆಲೆ ಸರಿಯಾಗಿರುತ್ತದೆ. ಇನ್ನೊಂದು, ಪೇಟೆಯನ್ನು ಮೀರಿಸುವುದು ಆಗದು. ಮೊದಲನೆಯದು ಸುಳ್ಳಾದಾಗಲೂ ಎರಡನೆಯದು ಬಹುಮಟ್ಟಿಗೆ ನಿಜವಾಗಿಯೇ ಉಳಿಯಬಹುದು ಎಂದು ಪಾಮ್ ತೋರಿಸಿತು.

ಮೂರನೆಯ ಮೆಟ್ಟಿಲಿಗೆ ಬರೋಣ. ಸತ್ಯಂ ಕಥೆ ಸೇರುವುದು ಇಲ್ಲೇ. ಪ್ರಬಲ ರೂಪದ ಪ್ರಕಾರ ನಿರ್ದೇಶಕರ ಕೋಣೆಯ ಗುಟ್ಟು ಕೂಡ ಬೆಲೆಯಲ್ಲಿ ಅಡಗಿರಬೇಕು. ಫಾಮಾ ಕೂಡ ಇದು ಅಕ್ಷರಶಃ ನಿಜ ಎನ್ನಲಿಲ್ಲ. ನಿಜವಾದ ಪೇಟೆಯನ್ನು ಪಕ್ಕದಲ್ಲಿಟ್ಟು ನೋಡಲು ಒಂದು ಅಳತೆಗೋಲು ಎಂದರು. ಅದರ ಪರವಾಗಿ ಸಿಕ್ಕ ಒಂದು ಸಾಕ್ಷಿಗೆ ಇಂದಿಗೂ ತೂಕವಿದೆ. ಮೈಕೆಲ್ ಜೆನ್ಸನ್ 1945ರಿಂದ 1964ರವರೆಗೆ ಅಮೆರಿಕದ 115 ಮ್ಯೂಚುವಲ್ ಫಂಡುಗಳ ಲೆಕ್ಕ ತೆಗೆದು 1968ರಲ್ಲಿ ಪ್ರಕಟಿಸಿದರು. ಕಂಪನಿಗಳ ಒಳಹೊರಗು ಬಲ್ಲ, ಅದಕ್ಕೇ ಸಂಬಳ ಪಡೆಯುವ ಈ ನಿಪುಣರು ಸರಾಸರಿಯಲ್ಲಿ ಪೇಟೆಯನ್ನು ಮೀರಿಸಿರಲಿಲ್ಲ.

ಆದರೆ ನಿಜವಾಗಿ ಒಳಗಿರುವವರ ಮಾತೇ ಬೇರೆ. 2008ರ ಸೆಪ್ಟೆಂಬರ್ 23ರಂದು ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕಿನ ನಿರ್ದೇಶಕ ಮಂಡಳಿ ದೂರವಾಣಿಯಲ್ಲಿ ಸಭೆ ಸೇರಿತು. ವಾರನ್ ಬಫೆಟ್ ಅವರ ಕಂಪನಿ 500 ಕೋಟಿ ಡಾಲರ್ ಹೂಡುವುದಕ್ಕೆ ಒಪ್ಪಿಗೆ ಕೊಟ್ಟಿತು. ಸಭೆ ಮುಗಿದ ಕೆಲವೇ ಕ್ಷಣದಲ್ಲಿ ನಿರ್ದೇಶಕ ರಜತ್ ಗುಪ್ತಾ ಅವರ ಕಚೇರಿಯಿಂದ ಹೂಡಿಕೆದಾರ ರಾಜ್ ರಾಜರತ್ನಂ ಅವರಿಗೆ ಕರೆ ಹೋಯಿತು. ಪೇಟೆ ಮುಚ್ಚಲು ಕೆಲವು ನಿಮಿಷ ಬಾಕಿ ಇತ್ತು. ಅಷ್ಟರಲ್ಲೇ ರಾಜರತ್ನಂ ಅವರ ನಿಧಿ ಎರಡು ಲಕ್ಷಕ್ಕೂ ಹೆಚ್ಚು ಗೋಲ್ಡ್‌ಮನ್ ಷೇರು ಕೊಂಡಿತು. ಸುದ್ದಿ ಹೊರಬಿದ್ದ ಮೇಲೆ ಬೆಲೆ ಏರಿತು. ಇಬ್ಬರೂ ಮುಂದೆ ನ್ಯಾಯಾಲಯದಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾಗಿ ಜೈಲಿಗೆ ಹೋದರು. ಗುಟ್ಟು ಆಗಲೇ ಬೆಲೆಯೊಳಗೆ ಸೇರಿದ್ದರೆ ಆ ಕೆಲವು ನಿಮಿಷಕ್ಕೆ ಬೆಲೆಯೇ ಇರುತ್ತಿರಲಿಲ್ಲ. ಒಳಮಾಹಿತಿಯ ವಹಿವಾಟನ್ನು ತಡೆಯಲು ಸೆಬಿ 1992ರಲ್ಲಿ ನಿಯಮ ತಂದು 2015ರಲ್ಲಿ ಅದನ್ನು ಹೊಸದಾಗಿ ಬರೆಯಿತು. ಆ ನಿಯಮಗಳು ಇರುವುದೇ ಪ್ರಬಲ ರೂಪದ ವಿರುದ್ಧ ಸಾಕ್ಷಿ. ಕಂಪನಿಯ ಪ್ರಕಟವಾಗದ ಬೆಲೆಸೂಕ್ಷ್ಮ ಮಾಹಿತಿಯನ್ನು ಕೈಯಲ್ಲಿಟ್ಟುಕೊಂಡವರು ಯಾರೇ ಆಗಲಿ, ಆ ಕಂಪನಿಯ ನೌಕರರಲ್ಲದಿದ್ದರೂ, ಈ ನಿಯಮದ ಕಣ್ಣಿಗೆ ‘ಒಳಗಿನವರೇ’.

ಸತ್ಯಂನಲ್ಲಿ ಇದ್ದದ್ದು ಕೆಲವು ನಿಮಿಷದ ಗುಟ್ಟಲ್ಲ, ವರ್ಷಗಳ ಗುಟ್ಟು. ಆ ಪತ್ರದ ಒಂದು ಲೆಕ್ಕವನ್ನು ಹತ್ತಿರದಿಂದ ನೋಡಿ. 2008ರ ಸೆಪ್ಟೆಂಬರಿಗೆ ಮುಗಿದ ತ್ರೈಮಾಸಿಕದಲ್ಲಿ ಕಂಪನಿ ತೋರಿಸಿದ ಆದಾಯ 2,700 ಕೋಟಿ ರೂಪಾಯಿ. ನಿಜವಾದದ್ದು 2,112 ಕೋಟಿ. ತೋರಿಸಿದ ಕಾರ್ಯಾಚರಣೆ ಲಾಭ 649 ಕೋಟಿ, ಅಂದರೆ ಆದಾಯದ ಶೇ 24; ನಿಜವಾದದ್ದು 61 ಕೋಟಿ, ಬರೀ ಶೇ 3. ಬೆಲೆ 649ನ್ನು ಬಹಳ ಶ್ರದ್ಧೆಯಿಂದ ತೂಗಿತ್ತು. ವಿಶ್ಲೇಷಕರು, ಫಂಡುಗಳು, ವಿದೇಶಿ ಹೂಡಿಕೆದಾರರು ಎಲ್ಲರೂ ಸೇರಿ ತೂಗಿದ್ದರು. ತಕ್ಕಡಿ ಸರಿಯಾಗಿತ್ತು, ತಟ್ಟೆಯಲ್ಲಿದ್ದ ಸರಕು ಸುಳ್ಳು.

ಪೇಟೆಗೆ ಏನೂ ವಾಸನೆ ಬಡಿದಿರಲಿಲ್ಲ ಎಂದೂ ಅಲ್ಲ. ಪತ್ರಕ್ಕೆ ಮೂರು ವಾರ ಮೊದಲು, 2008ರ ಡಿಸೆಂಬರ್ 16ರಂದು, ರಾಜು ಕುಟುಂಬಕ್ಕೆ ಸೇರಿದ ಮೇತಾಸ್ ಹೆಸರಿನ ಎರಡು ಕಂಪನಿಗಳನ್ನು 160 ಕೋಟಿ ಡಾಲರಿಗೆ ಕೊಳ್ಳುವುದಾಗಿ ಸತ್ಯಂ ಘೋಷಿಸಿತು. ಅಮೆರಿಕದಲ್ಲಿ ಅದರ ಷೇರು ಅರ್ಧಕ್ಕಿಂತ ಹೆಚ್ಚು ಬಿತ್ತು. ಗಂಟೆಗಳೊಳಗೆ ಸತ್ಯಂ ಆ ಪ್ರಸ್ತಾವ ಹಿಂತೆಗೆದುಕೊಂಡಿತು. ಮಾರನೆಯ ದಿನ ಇಲ್ಲಿಯೂ ಷೇರು ಸುಮಾರು ಶೇ 30ರಷ್ಟು ಇಳಿಯಿತು. ಈ ಮನೆಯವರು ಕಂಪನಿಯ ದುಡ್ಡನ್ನು ತಮ್ಮದೆಂಬಂತೆ ಬಳಸುತ್ತಾರೆ ಎಂದು ಪೇಟೆ ಅನುಮಾನಿಸಿತು. ದುಡ್ಡೇ ಇಲ್ಲ ಎಂಬುದು ಅದಕ್ಕೆ ಹೊಳೆಯಲಿಲ್ಲ. ಆ ಖರೀದಿ, ಇಲ್ಲದ ನಗದಿನ ಜಾಗದಲ್ಲಿ ನಿಜವಾದ ಆಸ್ತಿಯನ್ನು ತುಂಬುವ ಕೊನೆಯ ಪ್ರಯತ್ನವಾಗಿತ್ತು ಎಂದು ಪತ್ರವೇ ಹೇಳಿದ ಮೇಲೆ ಗೊತ್ತಾಯಿತು. 2015ರ ಏಪ್ರಿಲಿನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ರಾಜು ಮತ್ತು ಇತರ ಒಂಬತ್ತು ಮಂದಿಗೆ ಏಳು ವರ್ಷ ಶಿಕ್ಷೆ ವಿಧಿಸಿತು.

ಇಷ್ಟಾದರೂ ಫಾಮಾ ಪಕ್ಷದವರ ಬಳಿ ಒಂದು ಗಟ್ಟಿ ಮಾತು ಉಳಿದಿದೆ. ಅದನ್ನು ಹೇಳದಿದ್ದರೆ ಅನ್ಯಾಯ. ಒಂದು ಷೇರು ಹೆಚ್ಚು ಗಳಿಸಿತು ಎಂದರೆ ಅದಕ್ಕೆ ತಕ್ಕ ಅಪಾಯವೂ ಅದರಲ್ಲಿ ಇದ್ದಿರಬಹುದು. ಅಪಾಯಕ್ಕೆ ಎಷ್ಟು ಗಳಿಕೆ ನ್ಯಾಯ ಎಂದು ಹೇಳುವ ಮಾದರಿ ಮೊದಲು ಬೇಕು. ಆ ಮಾದರಿಯೇ ತಪ್ಪಿದ್ದರೆ, ಪೇಟೆ ತಪ್ಪಿತು ಎಂದು ನಾವು ಹೇಳುವಾಗ ತಪ್ಪಿದ್ದು ನಮ್ಮ ಅಳತೆಯೂ ಇರಬಹುದು. ಮೊಮೆಂಟಮ್ ವಿಷಯದಲ್ಲಿ ಈ ವಾದಕ್ಕೆ ಜಾಗವಿದೆ. 2009ರ ಆ ಮೂರು ತಿಂಗಳು ಅಂಥ ಅಪಾಯದ ಒಂದು ಮುಖ. ಪಾಮ್ ವಿಷಯದಲ್ಲಿ ಜಾಗವೇ ಇಲ್ಲ. ಒಂದೂವರೆ ಪಾಮ್ ಷೇರನ್ನು ಒಳಗಿಟ್ಟುಕೊಂಡ ಷೇರು, ಒಂದೂವರೆ ಪಾಮ್ ಷೇರಿಗಿಂತ ಅಗ್ಗವಾಗುವುದನ್ನು ಯಾವ ಅಪಾಯದ ಲೆಕ್ಕವೂ ಸಮರ್ಥಿಸದು.

ಸಾನ್‌ಫರ್ಡ್ ಗ್ರಾಸ್‌ಮನ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ 1980ರಲ್ಲಿ ಇನ್ನೊಂದು ಮಾತು ಹೇಳಿದರು. ಬೆಲೆಗೆ ಎಲ್ಲವೂ ಗೊತ್ತಿದ್ದರೆ ಮಾಹಿತಿ ಹುಡುಕಲು ಯಾರು ಖರ್ಚು ಮಾಡುತ್ತಾರೆ? ಮತ್ತೆ ಮಂಡಿಗೇ ಬನ್ನಿ. ಒಬ್ಬ ವ್ಯಾಪಾರಿ ಡೀಸೆಲ್ ಸುಟ್ಟು ಚಿತ್ರದುರ್ಗದ ಹೊಲಗಳಿಗೆ ಹೋಗಿ ಈರುಳ್ಳಿ ಬೆಳೆ ಹೇಗಿದೆ ಎಂದು ನೋಡಿ ಬರುತ್ತಾನೆ. ಅವನು ಕಂಡದ್ದೆಲ್ಲ ಅವನು ಹೋಗುವ ಮೊದಲೇ ಧಾರಣೆಯಲ್ಲಿ ಇರುವುದಾದರೆ ಅವನು ಮನೆಯಲ್ಲೇ ಉಳಿಯುತ್ತಾನೆ. ಎಲ್ಲ ವ್ಯಾಪಾರಿಗಳೂ ಮನೆಯಲ್ಲೇ ಉಳಿದರೆ ಧಾರಣೆಗೆ ಬೆಳೆಯ ಸುದ್ದಿ ತಲುಪುವುದಾದರೂ ಹೇಗೆ? ಬೆಲೆಯಲ್ಲಿ ಸ್ವಲ್ಪ ತಪ್ಪು ಉಳಿಯಲೇಬೇಕು. ಹುಡುಕುವವರಿಗೆ ಅದೇ ಕೂಲಿ. ಈ ಮೂರು ಮೆಟ್ಟಿಲುಗಳ ವಾದವನ್ನೆಲ್ಲ ಓದಿದ ಮೇಲೆ ನಾನು ನಿಂತಿರುವುದು ಈ ಮಾತಿನ ಹತ್ತಿರ.

ಪ್ರಶ್ನೆ ಉಳಿಯುವುದು ಆ ಕೂಲಿ ಯಾರಿಗೆ ಸಿಗುತ್ತದೆ ಎಂಬುದು. ಪೇಟೆ ತಪ್ಪುತ್ತದೆ ಎಂದು ಕೇಳಿದ ಕೂಡಲೇ, ಆ ತಪ್ಪು ತಮ್ಮ ಮೊಬೈಲ್ ಪರದೆಗೆ ಕಾಣುತ್ತದೆ ಎಂದು ನಂಬಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿಗೆ ಇಳಿದವರು ನಮ್ಮಲ್ಲಿ ಒಂದು ಕೋಟಿಗೂ ಹೆಚ್ಚು. ಸೆಬಿ 2024ರ ಸೆಪ್ಟೆಂಬರಿನಲ್ಲಿ ಇವರ ಲೆಕ್ಕ ಪ್ರಕಟಿಸಿತು. 2021–22ರಿಂದ 2023–24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ನೂರರಲ್ಲಿ 93 ಮಂದಿ ನಷ್ಟ ಅನುಭವಿಸಿದ್ದರು. ಎಲ್ಲರ ನಷ್ಟ ಕೂಡಿದರೆ 1.8 ಲಕ್ಷ ಕೋಟಿ ರೂಪಾಯಿಗೂ ಮೇಲೆ. ಅದೇ ವರದಿಯ ಪ್ರಕಾರ ಲಾಭ ಮಾಡಿದ್ದು ಸ್ವಂತ ದುಡ್ಡಿನಲ್ಲಿ ವಹಿವಾಟು ನಡೆಸುವ ದಲ್ಲಾಳಿ ಸಂಸ್ಥೆಗಳು ಮತ್ತು ವಿದೇಶಿ ಹೂಡಿಕೆ ಸಂಸ್ಥೆಗಳು. ಆ ಲಾಭದ ಬಹುಪಾಲು ಬಂದದ್ದು ಕಂಪ್ಯೂಟರ್ ತಾನಾಗಿಯೇ ಕೊಂಡು ಮಾರುವ ಅಲ್ಗಾರಿದಮ್ ವಹಿವಾಟಿನಿಂದ.